60 ಜಿಎಸ್‌ಎಂ ನೋಟ್‌ಬುಕ್ಕಿನಲ್ಲಿ ಶಾಯಿ ಹಿಂದಕ್ಕೆ ಇಳಿಯುವುದೇಕೆ?

ಪ್ರಶ್ನೆ: ನಮ್ಮ ಹೈಸ್ಕೂಲಿನ ಸಹಕಾರಿ ಭಂಡಾರಕ್ಕೆ ಪ್ರತಿ ಜೂನ್‌ನಲ್ಲಿ ನೋಟ್‌ಬುಕ್ ತರಿಸುತ್ತೇವೆ. ಹೋದ ವರ್ಷ 54 ಜಿಎಸ್‌ಎಂನದು ತಂದಿದ್ದೆವು, ತಕರಾರು ಬರಲಿಲ್ಲ. ಈ ಸಲ ಹೆಚ್ಚು ದುಡ್ಡು ಕೊಟ್ಟು 60ರದು ತಂದರೆ ಮಕ್ಕಳು ಜೆಲ್ ಪೆನ್ನಿನಲ್ಲಿ ಬರೆದದ್ದೆಲ್ಲ ಹಿಂದಿನ ಪುಟದಲ್ಲಿ ಕಾಣುತ್ತಿದೆ. ಜಿಎಸ್‌ಎಂ ಅಂದರೆ ದಪ್ಪ ತಾನೇ? ಮೋಸ ಆಗಿದೆಯೋ ಇಲ್ಲವೋ ನೋಡುವುದು ಹೇಗೆ? ಶಾಲೆಯ ಸ್ಮರಣ ಸಂಚಿಕೆಗೆ, ಡ್ರಾಯಿಂಗ್ ಕ್ಲಾಸಿಗೆ ಯಾವ ಕಾಗದ ಹೇಳಬೇಕು? ಮನೆಯವರ ಸ್ವಸಹಾಯ ಸಂಘದಿಂದ ಹಲಸಿನ ಹಪ್ಪಳ ಬೆಂಗಳೂರಿಗೆ ಹೋಗುತ್ತದೆ, ಅದರ ಬಾಕ್ಸಿನ ಬಗ್ಗೆಯೂ ತಿಳಿಸಿ. — ಹೈಸ್ಕೂಲ್ ಶಿಕ್ಷಕರು, ಕುಮಟಾ

ಉತ್ತರ:

ಮಾಸ್ತರೇ, ಜಿಎಸ್‌ಎಂ ದಪ್ಪ ಅಲ್ಲ, ತೂಕ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಹಾಳೆಯನ್ನು ತಕ್ಕಡಿಗೆ ಹಾಕಿದರೆ ಎಷ್ಟು ಗ್ರಾಂ ತೂಗುತ್ತದೋ ಅದೇ ಆ ಕಾಗದದ ಜಿಎಸ್‌ಎಂ. ಅದಕ್ಕಿಂತ ಹೆಚ್ಚಿನ ಯಾವ ಮಾತನ್ನೂ ಆ ಸಂಖ್ಯೆ ಹೇಳುವುದಿಲ್ಲ. ಕಾಗದ ಗಟ್ಟಿಯೋ, ನುಣುಪೋ, ಶಾಯಿ ಹೀರುತ್ತದೋ, ಆಚೆ ಬದಿ ಕಾಣುತ್ತದೋ ಎಂಬುದೆಲ್ಲ ಬೇರೆ ಬೇರೆ ಗುಣಗಳು.

ದಪ್ಪ ಬೇರೆ, ತೂಕ ಬೇರೆ ಎನ್ನುವುದಕ್ಕೆ ಒಂದು ಉದಾಹರಣೆ ಕೈಯಲ್ಲೇ ಹಿಡಿದು ನೋಡಬಹುದು. ಮದುವೆ ಸ್ಟುಡಿಯೋದವರು ಹಂಚುವ ಹೊಳಪಿನ ಕರಪತ್ರ ಸಾಮಾನ್ಯವಾಗಿ 130 ಜಿಎಸ್‌ಎಂ ಆರ್ಟ್ ಪೇಪರ್. ಜೆರಾಕ್ಸ್ ಅಂಗಡಿಯ ಎ4 ಹಾಳೆ 75 ಅಥವಾ 80. ಎರಡನ್ನೂ ಬೆರಳ ತುದಿಯಲ್ಲಿ ಹಿಡಿದರೆ ದಪ್ಪ ಹೆಚ್ಚುಕಡಿಮೆ ಒಂದೇ, ಮಿಲಿಮೀಟರಿನ ಹತ್ತನೇ ಒಂದು ಭಾಗ. ಆರ್ಟ್ ಪೇಪರಿನ ಮೇಲೆ ಸುಣ್ಣದಕಲ್ಲಿನ ಪುಡಿ, ಜೇಡಿಯಂಥ ಖನಿಜಗಳ ಲೇಪ ಬಳಿದು, ಉರುಳೆಗಳ ನಡುವೆ ಒತ್ತಿ ನಯ ಮಾಡಿರುತ್ತಾರೆ. ಒಳಗಿನ ಗಾಳಿಯೆಲ್ಲ ಹೋಗಿ ಅದು ಭಾರವಾಗುತ್ತದೆ, ದಪ್ಪವಾಗುವುದಿಲ್ಲ. ಜೆರಾಕ್ಸ್ ಹಾಳೆಯ ನಾರುಗಳ ನಡುವೆ ಗಾಳಿ ಇನ್ನೂ ಉಳಿದಿರುತ್ತದೆ.

ಈಗ ನಿಮ್ಮ ನೋಟ್‌ಬುಕ್ಕಿಗೆ ಬರೋಣ. ಇಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ: ಅದು ನಿಜಕ್ಕೂ 60 ಹೌದೇ? ಹೌದಾದರೂ ಅಲ್ಲವಾದರೂ ಶಾಯಿ ಯಾಕೆ ಹಿಂದೆ ಕಾಣುತ್ತದೆ? ಎರಡನ್ನೂ ಬೇರೆ ಮಾಡಿ ನೋಡದಿದ್ದರೆ ಅಂಗಡಿಯವರ ಜೊತೆ ವಾದ ಮುಗಿಯುವುದಿಲ್ಲ.

ಮೊದಲು ತೂಕ. ಒಂದು ನೋಟ್‌ಬುಕ್ಕಿನ ನಡುವಿನ ಪಿನ್ನು ಬಿಚ್ಚಿ ರಟ್ಟನ್ನು ಬೇರೆ ಮಾಡಿ. ಒಳಗಿನ ಹಾಳೆಗಳನ್ನು ಎಣಿಸಿ. ಪುಟವಲ್ಲ, ಹಾಳೆ, ಒಂದು ಹಾಳೆಗೆ ಎರಡು ಪುಟ. ರಟ್ಟಿನ ಮೇಲೆ 172 ಪುಟ ಎಂದಿದ್ದರೆ 86 ಹಾಳೆ ಇರಬೇಕು, ಆದರೆ ಕೆಲವರು ರಟ್ಟಿನ ನಾಲ್ಕು ಬದಿಗಳನ್ನೂ ಪುಟದ ಲೆಕ್ಕಕ್ಕೆ ಸೇರಿಸುತ್ತಾರೆ, ಆಗ ಒಳಗೆ ಸಿಗುವುದು 84. ಆಮೇಲೆ ಸ್ಕೇಲ್ ಇಟ್ಟು ಹಾಳೆಯ ಉದ್ದ ಅಗಲ ಅಳೆಯಿರಿ. ರಟ್ಟಿನ ಮೇಲೆ 24 × 18 ಸೆಂ.ಮೀ. ಎಂದು ಅಚ್ಚಾಗಿದ್ದರೂ ಅಂಚು ಕತ್ತರಿಸಿದ ಮೇಲೆ 23.8 × 17.8 ಉಳಿದಿರುವುದು ಸಾಮಾನ್ಯ. ಈ ಎರಡು ಮಿಲಿಮೀಟರನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ನೂರಕ್ಕೆ ಎರಡರಷ್ಟು ತಪ್ಪು ಅಲ್ಲೇ ಆಗುತ್ತದೆ.

ಲೆಕ್ಕ ಹೀಗೆ. ಒಂದು ಹಾಳೆ 0.238 × 0.178, ಅಂದರೆ 0.0424 ಚದರ ಮೀಟರ್. 84 ಹಾಳೆಗೆ 3.56 ಚದರ ಮೀಟರ್. ಕಾಗದ ನಿಜವಾಗಿ 60 ಆಗಿದ್ದರೆ ಕಟ್ಟು 213 ಗ್ರಾಂ ಚಿಲ್ಲರೆ ತೂಗಬೇಕು. ನಿಮ್ಮ ತಕ್ಕಡಿ 203 ತೋರಿಸಿತು ಎಂದುಕೊಳ್ಳಿ. 203ನ್ನು 3.56ರಿಂದ ಭಾಗಿಸಿದರೆ 57. ಕಾರ್ಖಾನೆಯವರು ನೂರಕ್ಕೆ ನಾಲ್ಕೈದರಷ್ಟು ಹೆಚ್ಚುಕಡಿಮೆ ಇಟ್ಟುಕೊಳ್ಳುವುದು ವಾಡಿಕೆ, ಹಾಗಾಗಿ 57 ಎಂದರೆ ಬಾಯಿ ಮುಚ್ಚಿಕೊಂಡು ಒಪ್ಪಬೇಕು ಅನ್ನಿಸುತ್ತದೆ.

ಆದರೆ ನೀವು ತೂಗಿದ್ದು ಜುಲೈಯಲ್ಲಿ, ಕುಮಟಾದಲ್ಲಿ. ಕಾಗದ ಹತ್ತಿಬಟ್ಟೆಯ ಹಾಗೆ ಗಾಳಿಯ ನೀರು ಹೀರುತ್ತದೆ. ಕಾಗದ ಪರೀಕ್ಷಿಸುವ ಪ್ರಯೋಗಾಲಯಗಳಲ್ಲಿ ಗಾಳಿಯ ತೇವವನ್ನು ನೂರಕ್ಕೆ 50ಕ್ಕೆ, ನಮ್ಮಂಥ ಉಷ್ಣದೇಶಗಳಲ್ಲಿ 65ಕ್ಕೆ, ಕಟ್ಟಿ ಹಾಕಿ ತೂಗುತ್ತಾರೆ. ಆ ಸ್ಥಿತಿಯಲ್ಲಿ 100 ಗ್ರಾಂ ಕಾಗದದಲ್ಲಿ ಆರೇಳು ಗ್ರಾಂ ನೀರೇ ಇರುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ತೇವ 90 ದಾಟಿದಾಗ ಅದು ಹತ್ತು, ಹನ್ನೊಂದಕ್ಕೆ ಏರುತ್ತದೆ. ಅಂದರೆ ತಕ್ಕಡಿ ತೋರಿಸಿದ 203 ಗ್ರಾಂನಲ್ಲಿ ಎಂಟು ಗ್ರಾಂನಷ್ಟು ಮಳೆಯ ಪಾಲು. ಅದನ್ನು ಕಳೆದರೆ ಉಳಿಯುವುದು 195, ಭಾಗಿಸಿದರೆ 55ರ ಹತ್ತಿರ. ಈಗ ಕೇಳುವ ಹಕ್ಕು ನಿಮಗಿದೆ.

ಈ ಎಂಟು ಗ್ರಾಂ ಅಂದಾಜಿನದು, ಅದನ್ನೇ ಹಿಡಿದು ಜಗಳಕ್ಕೆ ಹೋಗಬೇಡಿ. ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಎಸಿ ಇದ್ದರೆ ಹಾಳೆಗಳನ್ನು ಬಿಡಿಬಿಡಿಯಾಗಿ ಹರಡಿ ಒಂದು ದಿನ ಅಲ್ಲಿಟ್ಟು, ಅಲ್ಲೇ ಮತ್ತೆ ತೂಗಿ. ತೂಕ ಎಷ್ಟು ಇಳಿಯಿತು ಎಂದು ನಿಮಗೇ ಕಾಣುತ್ತದೆ. ಇನ್ನೊಂದು ಮಾತು: ಅಡುಗೆಮನೆಯ ತಕ್ಕಡಿ ಒಂದು ಗ್ರಾಂ ಲೆಕ್ಕದ್ದು, ಇಡೀ ಕಟ್ಟು ತೂಗಲು ಸಾಕು. ಒಂದೆರಡು ಹಾಳೆ ಮಾತ್ರ ಇದ್ದರೆ ಅದು ಪ್ರಯೋಜನಕ್ಕೆ ಬಾರದು. ಆಗ 10 ಸೆಂ.ಮೀ. ಚೌಕದ ಹತ್ತು ತುಂಡು ಕತ್ತರಿಸಿ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ. ಬಂದ ಗ್ರಾಂ ಅನ್ನು ಹತ್ತರಿಂದ ಗುಣಿಸಿದರೆ ಜಿಎಸ್‌ಎಂ. ಹತ್ತು ತುಂಡು 5.5 ಗ್ರಾಂ ತೂಗಿದರೆ ಕಾಗದ 55ರದು. ಇಲ್ಲಿ ಕತ್ತರಿ ಒಂದು ಮಿಲಿಮೀಟರ್ ಆಚೀಚೆ ಹೋದರೂ ನೂರಕ್ಕೆ ಒಂದು ತಪ್ಪುತ್ತದೆ, ಆದ್ದರಿಂದ ಬ್ಲೇಡು ಮತ್ತು ಸ್ಟೀಲ್ ಸ್ಕೇಲ್ ಒಳ್ಳೆಯದು.

ಇಷ್ಟಾದರೂ ನಿಮ್ಮ ಅಸಲು ತೊಂದರೆ ತೂಕದಲ್ಲಿಲ್ಲ ಎಂದೇ ನನ್ನ ಅನುಮಾನ. ಹೋದ ವರ್ಷದ 54 ಚೆನ್ನಾಗಿತ್ತಲ್ಲ! ಐದಾರು ಗ್ರಾಂ ಕಡಿಮೆಯಾದದ್ದೇ ಕಾರಣ ಎನ್ನುವುದಾದರೆ ಹೋದ ವರ್ಷವೂ ಕಾಣಬೇಕಿತ್ತು.

ಬರೆದದ್ದು ಹಿಂದೆ ಕಾಣುವುದು ಎರಡು ಬಗೆ. ಒಂದು, ಶಾಯಿ ಮುಂದಿನ ಬದಿಯಲ್ಲೇ ಕೂತಿರುತ್ತದೆ, ಆದರೆ ಕಾಗದ ಬೆಳಕನ್ನು ತಡೆಯದೆ ಅದನ್ನು ತೋರಿಸುತ್ತದೆ; ತೆಳ್ಳಗಿನ ಪಂಚೆಯ ಒಳಗಿಂದ ಚಡ್ಡಿಯ ಬಣ್ಣ ಕಂಡ ಹಾಗೆ. ಇನ್ನೊಂದು, ಶಾಯಿಯೇ ನಾರಿನ ಸಂದಿಯಲ್ಲಿ ಇಳಿದು ಹಿಂದೆ ಬಂದಿರುತ್ತದೆ. ಮೊದಲನೆಯದಕ್ಕೆ ಕಾಗದದ ಪಾರದರ್ಶಕತೆ ಕಾರಣ, ಎರಡನೆಯದಕ್ಕೆ ಅಂಟಿನ ಕೊರತೆ.

ಯಾವುದು ಎಂದು ತಿಳಿಯಲು ಪೆನ್ಸಿಲ್ ಸಾಕು. ಒಂದೇ ಹಾಳೆಯ ಮೇಲೆ ಒಂದು ಗೆರೆ ಮೆತ್ತಗಿನ 2ಬಿ ಪೆನ್ಸಿಲ್ಲಿನಲ್ಲಿ, ಒತ್ತದೆ, ಕಪ್ಪಗೆ ಎಳೆಯಿರಿ. ಪಕ್ಕದಲ್ಲಿ ಜೆಲ್ ಪೆನ್ನಿನ ಗೆರೆ. ಅದರಾಚೆ ಬಾಲ್ ಪೆನ್ನಿನದು. ಐದು ನಿಮಿಷ ಬಿಟ್ಟು ಹಾಳೆ ತಿರುಗಿಸಿ. ಪೆನ್ಸಿಲ್ಲಿನ ಸೀಸ ಒಳಗೆ ಇಳಿಯುವ ವಸ್ತುವೇ ಅಲ್ಲ. ಅದೂ ಹಿಂದೆ ಕಾಣುತ್ತಿದ್ದರೆ ಕಾಗದ ಪಾರದರ್ಶಕ. ಪೆನ್ಸಿಲ್, ಬಾಲ್ ಪೆನ್ ಎರಡೂ ಕಾಣದೆ ಜೆಲ್ ಮಾತ್ರ ಕಂಡರೆ, ಅದರಲ್ಲೂ ಗೆರೆಯ ಉದ್ದಕ್ಕೆ ಚುಕ್ಕಿ ಚುಕ್ಕಿಯಾಗಿ ಕಂಡರೆ, ಶಾಯಿ ಇಳಿದಿದೆ. ಮುಂದಿನ ಬದಿಯಲ್ಲಿ ಅದೇ ಗೆರೆಯ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ: ಸಣ್ಣ ಬೇರು ಒಡೆದ ಹಾಗೆ ಎರಡೂ ಕಡೆ ಎಳೆಗಳು ಹರಡಿರುತ್ತವೆ. ಬಾಲ್ ಪೆನ್ನಿನ ಶಾಯಿ ಎಣ್ಣೆಯಂಥ ಗಟ್ಟಿ ದ್ರವ, ಹರಡುವುದಿಲ್ಲ. ಜೆಲ್ಲಿನದು ನೀರಿನ ಶಾಯಿ. ಇಪ್ಪತ್ತು ವರ್ಷದ ಹಿಂದೆ ಮಕ್ಕಳು ಬಾಲ್ ಪೆನ್ನಿನಲ್ಲಿ ಬರೆಯುವಾಗ ಈ ತಕರಾರು ಅಷ್ಟಾಗಿ ಬರುತ್ತಿರಲಿಲ್ಲ ಎಂದು ನಿಮಗೂ ನೆನಪಿರಬಹುದು.

ಕಾಗದದ ನಾರು ಹಾಗೇ ಬಿಟ್ಟರೆ ಅದು ಒತ್ತುಕಾಗದವೇ. ನೀರಿನ ಶಾಯಿ ಹರಡದಂತೆ ಮಾಡಲು ಕಾರ್ಖಾನೆಯಲ್ಲಿ ತಿರುಳಿಗೇ ನೀರು ತಡೆಯುವ ಒಂದು ಅಂಟು ಬೆರೆಸುತ್ತಾರೆ. ಕೆಲವು ಕಾಗದಕ್ಕೆ ಹಾಳೆಯಾದ ಮೇಲೆ ಎರಡೂ ಬದಿಗೆ ಗಂಜಿಯನ್ನೂ ಬಳಿಯುತ್ತಾರೆ, ನಾವು ಪಂಚೆಗೆ ಗಂಜಿ ಹಾಕಿದಂತೆ. ಈ ಮೇಲ್ಗಂಜಿ ಕಂಡದ್ದನ್ನು ನಮ್ಮ ಪೇಟೆಯಲ್ಲಿ ಮ್ಯಾಪ್ಲಿಥೊ ಎನ್ನುತ್ತಾರೆ. ಕಾಣದ್ದು ಕ್ರೀಮ್‌ವೋವ್. ನೋಟ್‌ಬುಕ್ಕಿಗೆ ಎರಡೂ ಬಳಕೆಯಲ್ಲಿವೆ, ಕ್ರೀಮ್‌ವೋವ್ ಅಗ್ಗ. ನಿಮ್ಮಲ್ಲಿ ಆಗಿರುವುದು ಬಹುಶಃ ಇದೇ: ಹೋದ ವರ್ಷ 54ರ ಮ್ಯಾಪ್ಲಿಥೊ ಬಂದಿತ್ತು, ಈ ವರ್ಷ 60ರ ಕ್ರೀಮ್‌ವೋವ್. ಸಂಖ್ಯೆ ಏರಿತು, ಕಾಗದ ಇಳಿಯಿತು. ಹಳೆಯ ಪುಸ್ತಕ ಒಂದು ಉಳಿದಿದ್ದರೆ ಎರಡರ ಮೇಲೂ ಒಂದೊಂದು ಹನಿ ನೀರು ಬಿಟ್ಟು ನೋಡಿ. ಅಂಟು ಸರಿಯಿದ್ದ ಹಾಳೆಯ ಮೇಲೆ ಹನಿ ಮುತ್ತಿನಂತೆ ನಿಂತು ನಿಧಾನ ಹರಡುತ್ತದೆ, ಇಲ್ಲದ್ದರ ಮೇಲೆ ಬಿದ್ದ ಕೂಡಲೇ ಹಾಳೆ ಕಪ್ಪಾಗಿ ಹಿಂದೆ ತೇವ ಮೂಡುತ್ತದೆ.

ಪೆನ್ಸಿಲ್ ಗೆರೆಯೂ ಕಂಡಿತು ಎಂದಾದರೆ ಕಾರಣ ಬೇರೆ. ಕಾಗದ ಬೆಳಕನ್ನು ತಡೆಯುವುದು ನಾರಿನಿಂದಷ್ಟೇ ಅಲ್ಲ. ನಾರಿನ ನಡುವಿನ ಗಾಳಿ ಮತ್ತು ತಿರುಳಿಗೆ ಬೆರೆಸಿದ ಸುಣ್ಣದಕಲ್ಲಿನ ನುಣುಪು ಪುಡಿ ಬೆಳಕನ್ನು ಚೆದುರಿಸುತ್ತವೆ. ಪುಡಿ ಕಡಿಮೆಯಾದರೆ ಅಥವಾ ನಯ ಬರಲೆಂದು ಉರುಳೆಯಲ್ಲಿ ತೀರ ಒತ್ತಿದರೆ ಅಷ್ಟೇ ತೂಕದ ಹಾಳೆ ಆಚೆ ಬದಿ ತೋರಿಸುತ್ತದೆ. ಮುಟ್ಟಿದರೆ ಜಾರುವಷ್ಟು ನಯ, ಕಣ್ಣು ಕುಕ್ಕುವಷ್ಟು ಬಿಳುಪು ಇರುವ ನೋಟ್‌ಬುಕ್ ಅಂಗಡಿಯಲ್ಲಿ ಬೇಗ ಮಾರಾಟವಾಗುತ್ತದೆ, ಆದರೆ ಅದೇ ತೂಕದ ಸ್ವಲ್ಪ ಒರಟು, ಕೆನೆಬಣ್ಣದ ಹಾಳೆ ಈ ವಿಷಯದಲ್ಲಿ ಮೇಲು. ಪುಡಿ ಅತಿಯಾದರೂ ಕಷ್ಟ: ಹಾಳೆ ಬೇಗ ಹರಿಯುತ್ತದೆ, ರಬ್ಬರ್ ಉಜ್ಜಿದರೆ ಮೇಲಿನ ಪದರ ಎದ್ದು ಬರುತ್ತದೆ.

ಮಳೆಗಾಲ ಇಲ್ಲೂ ಕೈ ಹಾಕುತ್ತದೆ. ಮೊದಲೇ ತೇವ ಕುಡಿದ ನಾರಿನಲ್ಲಿ ಶಾಯಿ ಬೇಗ ಒಣಗುವುದಿಲ್ಲ, ಹರಡಲು ಸಮಯ ಸಿಗುತ್ತದೆ. ಭಂಡಾರದಲ್ಲಿ ನೋಟ್‌ಬುಕ್ಕಿನ ಕಟ್ಟುಗಳನ್ನು ನೆಲದ ಮೇಲೆ, ಹೊರಗೋಡೆಗೆ ತಾಗಿಸಿ ಇಟ್ಟಿದ್ದರೆ ತಳದ ಕಟ್ಟಿನಲ್ಲಿ ಶಾಯಿ ಇಳಿಯುವುದು, ಮೇಲಿನ ಕಟ್ಟಿನಲ್ಲಿ ಇಳಿಯದಿರುವುದು ಕಾಣಬಹುದು. ಪರೀಕ್ಷೆಗೆ ಎರಡೂ ಕಡೆಯಿಂದ ಒಂದೊಂದು ಪುಸ್ತಕ ತೆಗೆಯಿರಿ. ಹಲಗೆ ಹಾಕಿ, ಗೋಡೆಯಿಂದ ಗೇಣುದ್ದ ದೂರ ಇಟ್ಟು, ಕಟ್ಟಿನ ಪ್ಲಾಸ್ಟಿಕ್ಕನ್ನು ಮಾರುವ ದಿನದವರೆಗೆ ಬಿಚ್ಚದಿದ್ದರೆ ಸಾಕು.

ಮುಂದಿನ ಸಲ ಆರ್ಡರ್ ಕೊಡುವಾಗ ಜಿಎಸ್‌ಎಂ ಒಂದನ್ನೇ ಬರೆಯಬೇಡಿ. ಮ್ಯಾಪ್ಲಿಥೊ, 58 ಅಥವಾ 60. ರಟ್ಟು ಬಿಟ್ಟು ಒಳಹಾಳೆ ಎಷ್ಟು. ಕತ್ತರಿಸಿದ ಮೇಲಿನ ಅಳತೆ ಎಷ್ಟು. ಜೆಲ್ ಪೆನ್ನಿನಲ್ಲಿ ಎರಡೂ ಬದಿ ಬರೆಯುವಂತಿರಬೇಕು. ಇಷ್ಟನ್ನು ಕಾಗದದ ಮೇಲೆ ಬರೆದುಕೊಟ್ಟು, ಒಂದು ಮಾದರಿ ಪುಸ್ತಕದ ಮೇಲೆ ಇಬ್ಬರೂ ಸಹಿ ಹಾಕಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಹೈಸ್ಕೂಲ್ ಮಕ್ಕಳಿಗೆ 60 ದಾಟುವ ಅಗತ್ಯ ನನಗೆ ಕಾಣುವುದಿಲ್ಲ. ಎಂಟು ವಿಷಯದ ಪುಸ್ತಕ ಬೆನ್ನ ಮೇಲೆ ಹೊರುವವರು ಅವರು. ತೂಕ 70ಕ್ಕೆ ಏರಿದರೆ ಪ್ರತಿ ಪುಸ್ತಕಕ್ಕೂ ಮೂವತ್ತೈದು ಗ್ರಾಂ ಹೆಚ್ಚು.

ಸ್ಮರಣ ಸಂಚಿಕೆ. ಯಾವುದಾದರೂ ಕನ್ನಡ ಪುಸ್ತಕದ ಮೊದಲ ಪುಟಗಳಲ್ಲಿ "ಬಳಸಿದ ಕಾಗದ: 70 ಜಿಎಸ್‌ಎಂ ಮ್ಯಾಪ್ಲಿಥೊ, 18.6 ಕೆ.ಜಿ., 1/8 ಡೆಮಿ" ಎಂಬಂಥ ಸಾಲು ನೋಡಿರುತ್ತೀರಿ. ಆ 18.6 ಒಂದು ರೀಮಿನ, ಅಂದರೆ 500 ದೊಡ್ಡ ಹಾಳೆಗಳ ತೂಕ. ಹಳಬ ಮುದ್ರಕರು ಇಂದಿಗೂ ಜಿಎಸ್‌ಎಂ ಬಿಟ್ಟು ಈ ಕಿಲೋ ಲೆಕ್ಕದಲ್ಲೇ ಮಾತಾಡುತ್ತಾರೆ. ದೊಡ್ಡ ಹಾಳೆಯ ಅಳತೆ 58.5 × 91 ಸೆಂ.ಮೀ. ಉದ್ದ, ಅಗಲ, ಜಿಎಸ್‌ಎಂ ಮೂರನ್ನೂ ಗುಣಿಸಿ 20,000ದಿಂದ ಭಾಗಿಸಿದರೆ ರೀಮಿನ ಕಿಲೋ ಬರುತ್ತದೆ:

58.5 × 91 × 70 ÷ 20000 = 18.6

ಇದೇ ಅಳತೆಯ ರೀಮು 16 ಕಿಲೋ ಎಂದರೆ ಅದು 60ರ ಕಾಗದ. "ಹದಿನಾರು ಕೆಜಿ ಪೇಪರ್ ಹಾಕೋಣ, ನೂರೈವತ್ತು ಪುಸ್ತಕಕ್ಕೆ ಇಷ್ಟಾಗುತ್ತದೆ" ಎಂದು ಪ್ರೆಸ್ಸಿನವರು ಹೇಳಿದರೆ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಳ್ಳಬಹುದು.

ಒಂದು ದೊಡ್ಡ ಹಾಳೆ ಮಡಚಿದರೆ 1/8 ಡೆಮಿಯ 32 ಪುಟ. ನಿಮ್ಮ ಸಂಚಿಕೆ 96 ಪುಟ, 500 ಪ್ರತಿ ಎಂದಿಟ್ಟುಕೊಳ್ಳಿ. ಪ್ರತಿಗೆ ಮೂರು ಹಾಳೆಯಂತೆ 1,500 ಹಾಳೆ, ಮೂರು ರೀಮು, 56 ಕಿಲೋ. ಯಂತ್ರ ಹೊಂದಿಸುವಾಗ ಹಾಳಾಗುವುದಕ್ಕೆ ನೂರಕ್ಕೆ ನಾಲ್ಕೈದು ಸೇರಿಸಿ. ಪುಟಸಂಖ್ಯೆ 32ರ ಅಥವಾ 16ರ ಗುಣಕವಾಗಿದ್ದರೆ ಕಾಗದ ದಂಡವಾಗುವುದಿಲ್ಲ. 100 ಪುಟ ಮಾಡಿಯೇ ತೀರುತ್ತೇವೆ ಎನ್ನುವ ಸಂಪಾದಕ ಮಂಡಳಿಗೆ ಆ ಕೊನೆಯ ನಾಲ್ಕು ಪುಟ ಎಷ್ಟು ತುಟ್ಟಿ ಎಂದು ಪ್ರೆಸ್ಸಿನವರಿಂದಲೇ ಹೇಳಿಸಿ.

ಒಳಪುಟಕ್ಕೆ 70 ಮ್ಯಾಪ್ಲಿಥೊ ಸಾಕು. ಎರಡೂ ಬದಿಗೆ ಫೋಟೊ ಹೆಚ್ಚಿದ್ದರೆ 80. ಬಣ್ಣದ ಫೋಟೊಗಳನ್ನು ಎಲ್ಲ ಕಡೆ ಚೆಲ್ಲುವ ಬದಲು ಒಂದೆಡೆ ಎಂಟು ಪುಟಕ್ಕೆ ಕೂಡಿಸಿ ಅಷ್ಟನ್ನು ಮಾತ್ರ 100 ಅಥವಾ 130ರ ಆರ್ಟ್ ಪೇಪರಿಗೆ ಹಾಕಿಸಿದರೆ ದುಡ್ಡೂ ಉಳಿಯುತ್ತದೆ, ಮುಖಗಳೂ ಸ್ಪಷ್ಟ ಬರುತ್ತವೆ. ಮ್ಯಾಪ್ಲಿಥೊ ಶಾಯಿ ಹೀರುವುದರಿಂದ ಫೋಟೊದ ಕಪ್ಪು ಬೂದಿಯಾಗುತ್ತದೆ. ರಕ್ಷಾಪುಟಕ್ಕೆ 220ರಿಂದ 250ರ ಆರ್ಟ್ ಕಾರ್ಡ್.

ಒಂದು ವಿಷಯವನ್ನು ಮಾತ್ರ ಒತ್ತಿ ಕೇಳಿ: ನಾರಿನ ದಿಕ್ಕು, ಪ್ರೆಸ್ಸಿನ ಭಾಷೆಯಲ್ಲಿ ಗ್ರೇನ್. ಯಂತ್ರದಲ್ಲಿ ಕಾಗದ ಓಡುವಾಗ ಹೆಚ್ಚಿನ ನಾರುಗಳು ಓಡುವ ದಿಕ್ಕಿಗೇ ಮಲಗುತ್ತವೆ. ತೇವ ಕುಡಿದ ನಾರು ಉದ್ದಕ್ಕೆ ಅಷ್ಟಾಗಿ ಬೆಳೆಯುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ಪುಸ್ತಕದ ಬೆನ್ನಿಗೆ ಸಮನಾಗಿ ನಾರು ನಿಂತಿದ್ದರೆ ಉಬ್ಬಿದ ಹಾಳೆ ಹೊರ ಅಂಚಿನ ಕಡೆ ಹಾಯಾಗಿ ಬೆಳೆಯುತ್ತದೆ. ಅಡ್ಡವಾಗಿದ್ದರೆ ಬೆನ್ನಿನಲ್ಲಿ ಅಂಟು ಹಿಡಿದುಕೊಂಡಿರುವುದರಿಂದ ಅಲೆ ಅಲೆಯಾಗುತ್ತದೆ, ಪುಸ್ತಕ ತೆರೆದರೆ ಮುಚ್ಚಿಕೊಳ್ಳಲು ಹವಣಿಸುತ್ತದೆ. ಬಯಲುಸೀಮೆಯಲ್ಲಿ ಇದು ಅಷ್ಟು ಕಾಣದು. ಕಾರವಾರದಿಂದ ಭಟ್ಕಳದವರೆಗೆ ಮೊದಲ ಮಳೆಗೇ ಕಾಣುತ್ತದೆ. ಪರೀಕ್ಷೆ ಸುಲಭ: ಹಾಳೆಯಿಂದ ಬೆಂಕಿಪೆಟ್ಟಿಗೆ ಗಾತ್ರದ ತುಂಡು ಕತ್ತರಿಸಿ ಒಂದು ಬದಿಗೆ ಮಾತ್ರ ನೀರು ಸವರಿ ಅಂಗೈ ಮೇಲಿಡಿ. ಅದು ಕೊಳವೆಯಂತೆ ಸುರುಳುತ್ತದೆ. ಕೊಳವೆ ಯಾವ ದಿಕ್ಕಿಗೆ ಉದ್ದವೋ ಅದೇ ನಾರಿನ ದಿಕ್ಕು.

ಶಾಲೆಯ ಲೇಸರ್ ಪ್ರಿಂಟರಿಗೆ 75ರ ಎ4. ಒಂದು ಎ4 ಹಾಳೆ ಚದರ ಮೀಟರಿನ ಹದಿನಾರನೇ ಒಂದು ಪಾಲು, ಆದ್ದರಿಂದ 500 ಹಾಳೆಯ ಪೊಟ್ಟಣ 2.34 ಕಿಲೋ ತೂಗಬೇಕು. ಮಳೆಗಾಲದಲ್ಲಿ ಹಾಳೆ ಸುರುಳಿ ಸುತ್ತಿ ಸಿಕ್ಕಿಕೊಳ್ಳುತ್ತದೆ ಎಂದು 80ಕ್ಕೋ 90ಕ್ಕೋ ಹೋಗುವವರಿದ್ದಾರೆ. ತೊಂದರೆ ಗ್ರಾಂನದಲ್ಲ. ತೇವದ ಹಾಳೆ ಪ್ರಿಂಟರಿನ ಬಿಸಿ ಉರುಳೆಗೆ ತಾಗಿದ ಕೂಡಲೇ ಒಂದು ಬದಿಯ ನೀರು ಆವಿಯಾಗಿ ಕುಗ್ಗುತ್ತದೆ, ಹಾಳೆ ಬಾಗುತ್ತದೆ. ಪೊಟ್ಟಣದ ಹೊದಿಕೆಯ ಒಳಮೈಗೆ ತೇವ ತಡೆಯುವ ಪದರ ಇರುವುದೇ ಇದಕ್ಕೆ. ಸಂಜೆ ಟ್ರೇಯಲ್ಲಿ ಉಳಿದ ಹಾಳೆಗಳನ್ನು ತೆಗೆದು ಅದೇ ಹೊದಿಕೆಗೆ ಸೇರಿಸಿ ಮಡಚಿಟ್ಟರೆ ಬಹಳ ಮಟ್ಟಿಗೆ ಸರಿಹೋಗುತ್ತದೆ.

ಡ್ರಾಯಿಂಗಿನದು ಚಿಕ್ಕ ಉತ್ತರ. ಪೆನ್ಸಿಲ್, ಬಣ್ಣದ ಪೆನ್ಸಿಲ್, ಕ್ರೇಯಾನ್‌ಗೆ 120ರಿಂದ 150, ಮೇಲ್ಮೈ ಸ್ವಲ್ಪ ತರಿತರಿ ಇರಬೇಕು. ಹೊಳಪಿನ ಹಾಳೆಗೆ ಪೆನ್ಸಿಲ್ ಹಿಡಿಯುವುದಿಲ್ಲ. ಜಲವರ್ಣ ಬಂದ ಕೂಡಲೇ ಲೆಕ್ಕ ಬದಲಾಗುತ್ತದೆ: 150ರ ಹಾಳೆಗೆ ನೀರು ಬಿದ್ದರೆ ಗುಂಡಿ ಬೀಳುತ್ತದೆ, ಬಣ್ಣ ಗುಂಡಿಗೆ ಹರಿದು ಅಲ್ಲೇ ಒಣಗುತ್ತದೆ. 300ರ ಹಾಳೆ ಇದನ್ನು ತಡೆಯುತ್ತದೆ, ಆದರೆ ಎಲ್ಲ ಮಕ್ಕಳಿಗೂ ಕೊಡಿಸಲು ತುಟ್ಟಿ. 200ರದನ್ನು ತಂದು, ಮೊದಲು ಎರಡೂ ಬದಿ ನೀರಿನಲ್ಲಿ ಚೆನ್ನಾಗಿ ನೆನೆಸಿ, ಮರದ ಹಲಗೆಯ ಮೇಲೆ ಹಾಸಿ, ನಾಲ್ಕೂ ಅಂಚಿಗೆ ನೀರು ತಾಗಿಸಿ ಅಂಟಿಸುವ ಕಂದು ಕಾಗದದ ಪಟ್ಟಿ ಹಚ್ಚಿ. ಒಣಗುವಾಗ ಹಾಳೆ ತಾನೇ ಬಿಗಿದುಕೊಂಡು ಮದ್ದಳೆಯ ಮುಚ್ಚಿಗೆಯಂತಾಗುತ್ತದೆ. ಅದರ ಮೇಲೆ ಬಣ್ಣ ಹಾಕಿದರೆ ಗುಂಡಿ ಬೀಳದು. ಇಲ್ಲಿಯ ಮಳೆಗಾಲದಲ್ಲಿ ಅದು ಒಣಗಲು ಒಂದು ರಾತ್ರಿ ಸಾಲದು ಎನ್ನುವುದನ್ನು ಮಾತ್ರ ಲೆಕ್ಕದಲ್ಲಿಡಿ. ಪೂರ್ತಿ ಒಣಗುವ ಮೊದಲು ಪಟ್ಟಿ ಕತ್ತರಿಸಿದರೆ ಬಿಗಿ ಹೋಗುತ್ತದೆ.

ಕೊನೆಗೆ ಹಪ್ಪಳ. ಹಲಸಿನ ಹಪ್ಪಳಕ್ಕೆ ಎರಡು ಶತ್ರು: ತೇವ ಮತ್ತು ಪೆಟ್ಟು. ತೇವವನ್ನು ಕಾಗದ ಎಷ್ಟು ಗ್ರಾಂನದಾದರೂ ತಡೆಯುವುದಿಲ್ಲ. ಅದಕ್ಕೆ ಒಳಗೆ ಬಾಯಿ ಬೆಸೆದ ಆಹಾರದರ್ಜೆಯ ಚೀಲವೇ ಬೇಕು. ಹಳೆಯ ಪತ್ರಿಕೆಯಲ್ಲಿ ಸುತ್ತಬೇಡಿ, ತಿನ್ನುವ ವಸ್ತುವಿಗೆ ಅದನ್ನು ಬಳಸಕೂಡದು ಎಂದು 2018ರ ಆಹಾರ ಪ್ಯಾಕೇಜಿಂಗ್ ನಿಯಮಗಳಲ್ಲೇ ಇದೆ. ಚೀಲದ ಮೇಲಿನ ಚಿಕ್ಕ ಬಾಕ್ಸಿಗೆ ಡ್ಯುಪ್ಲೆಕ್ಸ್ ಬೋರ್ಡ್ ಬಳಸುತ್ತಾರೆ, ಒಂದು ಬದಿ ಬಿಳಿ, ಒಳಬದಿ ಬೂದು. ಬೂದುಬದಿ ಹಳೆಯ ಕಾಗದ ಅರೆದು ಮಾಡಿದ್ದು, ಹಪ್ಪಳಕ್ಕೆ ನೇರ ತಾಗಬಾರದು.

ಇಲ್ಲಿ ದಪ್ಪಕ್ಕೆ ಬೆಲೆಯಿದೆ. ಒಂದೇ ಜಾತಿಯ ಬೋರ್ಡಿನ ದಪ್ಪ ಇಮ್ಮಡಿಯಾದರೆ ಬಾಗದೆ ನಿಲ್ಲುವ ಬಲ ಎರಡಲ್ಲ, ಸುಮಾರು ಎಂಟು ಪಟ್ಟಾಗುತ್ತದೆ. ಆದ್ದರಿಂದ 250ರಿಂದ 300ಕ್ಕೆ ಹೋದರೆ ತೂಕ ಐದನೇ ಒಂದು ಪಾಲು ಏರಿದರೂ ಗಡಸು ಮುಕ್ಕಾಲು ಪಾಲಿನಷ್ಟು ಹೆಚ್ಚುತ್ತದೆ. ಅರ್ಧ ಕಿಲೋ ಹಪ್ಪಳಕ್ಕೆ 300ರದು ಹೇಳಿ, ಅದಕ್ಕಿಂತ ಕೆಳಗೆ ಬೇಡ.

ಬಸ್ಸಿನಲ್ಲಿ ಹಾಕುವ ದೊಡ್ಡ ಕಾರ್ಟನ್ ಬೇರೆಯೇ ಜಾತಿ. ಮೂರು ಪದರದ ಬಾಕ್ಸಿನಲ್ಲಿ ಹೊರಗೊಂದು, ಒಳಗೊಂದು ಸಪಾಟು ಕ್ರಾಫ್ಟ್ ಹಾಳೆ, ನಡುವೆ ಅಲೆಯಂತೆ ಮಡಚಿದ್ದೊಂದು. ಬಾಕ್ಸ್ ಮಾಡುವವರು "150/120/150" ಎಂದರೆ ಈ ಮೂರರ ಜಿಎಸ್‌ಎಂ. ಜೊತೆಗೆ ಬಿಎಫ್ ಎಂಬ ಇನ್ನೊಂದು ಸಂಖ್ಯೆ ಕೇಳಿ. ಅದು ಕಾಗದ ಒತ್ತಡಕ್ಕೆ ಒಡೆಯದೆ ತಡೆಯುವ ಶಕ್ತಿಯ ಅಳತೆ. ಬಿಎಫ್ ಮತ್ತು ಜಿಎಸ್‌ಎಂ ಗುಣಿಸಿ ಸಾವಿರದಿಂದ ಭಾಗಿಸಿದರೆ ಆ ಹಾಳೆ ಚದರ ಸೆಂಟಿಮೀಟರಿಗೆ ಎಷ್ಟು ಕಿಲೋ ತಡೆಯುತ್ತದೆ ಎಂದು ಸಿಗುತ್ತದೆ. 18 ಬಿಎಫ್‌ನ 150ರ ಹಾಳೆ 2.7 ಕಿಲೋ ತಡೆದರೆ, 22 ಬಿಎಫ್‌ನ 130ರ ಹಾಳೆ 2.86 ತಡೆಯುತ್ತದೆ. ಹಗುರವಾದದ್ದೇ ಗಟ್ಟಿ! ಜಿಎಸ್‌ಎಂ ಒಂದನ್ನೇ ನೋಡಿ ಬಾಕ್ಸ್ ಕೊಳ್ಳಬಾರದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ಬಿಎಫ್ ಒಡೆಯುವುದರ ಲೆಕ್ಕ, ಮೇಲಿನ ಭಾರಕ್ಕೆ ಕುಸಿಯುವುದರ ಲೆಕ್ಕವಲ್ಲ. ಗಾಳಿಯ ತೇವ 50 ಇದ್ದಾಗ ಬಾಕ್ಸ್ ಹೊರುವ ಭಾರದ ಅರ್ಧದಷ್ಟನ್ನು ಮಾತ್ರ ಅದೇ ಬಾಕ್ಸ್ 90ರ ತೇವದಲ್ಲಿ ಹೊತ್ತೀತು. ಡಿಸೆಂಬರಿನಲ್ಲಿ ಒಂದರ ಮೇಲೊಂದು ನಾಲ್ಕು ಇಟ್ಟರೂ ಅಲುಗದ ಮೂರು ಪದರದ ಬಾಕ್ಸ್ ಆಗಸ್ಟಿನಲ್ಲಿ ಎರಡಕ್ಕೇ ಸೊಂಟ ಮುರಿದುಕೊಳ್ಳುವುದು ಇದರಿಂದ. ಹತ್ತು ಕಿಲೋ ಕಾರ್ಟನ್ನಿಗೆ ಬೇಸಿಗೆಯಲ್ಲಿ ಮೂರು ಪದರ ನಡೆಯುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಐದು ಪದರ ತರಿಸಿ. ತುಂಬುವಾಗ ನಡುವಿನ ಅಲೆಯ ಗೆರೆಗಳು ನೆಟ್ಟಗೆ, ಕಂಬದ ಹಾಗೆ ನಿಂತಿರಬೇಕು. ಮಲಗಿದ್ದರೆ ಬಾಕ್ಸನ್ನು ತಪ್ಪು ಮಗ್ಗುಲಲ್ಲಿ ನಿಲ್ಲಿಸಿದ್ದೀರಿ ಎಂದರ್ಥ. ಪದರಗಳನ್ನು ಹಿಡಿದಿರುವುದು ಸಾಮಾನ್ಯವಾಗಿ ಗಂಜಿಯಂಟು, ಅದು ನೀರಿಗೆ ಬಿಡುತ್ತದೆ. ಬಸ್ಸಿನ ಮೇಲೆ ಹಾಕುವ ಅನುಮಾನವಿದ್ದರೆ ಕಾರ್ಟನ್ನಿಗೆ ಹೊರಗಿನಿಂದ ಪ್ಲಾಸ್ಟಿಕ್ ಹೊದಿಸಿ, ಹೊದಿಕೆಯ ಬಾಯಿ ಕೆಳಮುಖವಾಗಿರಲಿ.